ಆನ್‌ಲೈನ್ ಅಂಗಡಿಯಿಂದ ಸರಿಯಾದ ಟ್ಯಾಕ್ಸ್ ಇನ್‌ವಾಯ್ಸ್ ಕೊಡುವುದು ಹೇಗೆ?

ಶಿರಸಿಯಿಂದ ತುಪ್ಪ ಮಾರುವ ಒಂದು ಸಣ್ಣ ಆನ್‌ಲೈನ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಅರ್ಧ ಲೀಟರ್ ಬಾಟಲಿಗೆ ತೆರಿಗೆ ಸೇರಿ 450 ರೂಪಾಯಿ. ಜಿಎಸ್‌ಟಿ ನೋಂದಣಿ ಆಗಿದೆ. (ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ಹಾಕುವಂತಿಲ್ಲ. ಕಾಂಪೊಸಿಷನ್ ಯೋಜನೆಯಲ್ಲಿರುವವರು ಕೊಡಬೇಕಾದದ್ದು ಬಿಲ್ ಆಫ್ ಸಪ್ಲೈ.)

ಮೊದಲು ನಂಬರ್ ವಿಷಯ. ಆರ್ಡರ್ ನಂಬರನ್ನೇ ಇನ್‌ವಾಯ್ಸ್ ನಂಬರ್ ಮಾಡಬೇಡಿ. ಹಣ ಕಟ್ಟದೆ ಅರ್ಧಕ್ಕೇ ಬಿಟ್ಟುಹೋದ ಆರ್ಡರ್‌ಗಳಿಗೂ ನಂಬರ್ ಹೋಗಿರುತ್ತದೆ, ಹಾಗಾಗಿ ಸಾಲು ನಡುನಡುವೆ ತುಂಡಾಗುತ್ತದೆ. ಇನ್‌ವಾಯ್ಸ್ ನಂಬರ್ ಒಂದರ ಹಿಂದೆ ಒಂದು ಬರಬೇಕು, ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು, 16 ಅಕ್ಷರ ದಾಟಬಾರದು. `TP/25-26/00012` ಎಂಬುದರಲ್ಲಿ 14 ಅಕ್ಷರ ಇವೆ, ಸಾಕು. ಒಂದೇ ಕ್ಷಣಕ್ಕೆ ಎರಡು ಆರ್ಡರ್ ಬಂದರೆ ಇಬ್ಬರಿಗೂ ಒಂದೇ ನಂಬರ್ ಸಿಗುವ ಅಪಾಯ ಇದೆ. "ಕೊನೆಯ ನಂಬರ್ ನೋಡು, ಒಂದು ಕೂಡಿಸು" ಎಂಬ ಕೆಲಸವನ್ನು ಡೇಟಾಬೇಸ್ ಲಾಕ್ ಹಾಕಿಯೇ ಮಾಡಲಿ ಎಂದು ಡೆವಲಪರ್‌ಗೆ ಹೇಳಿ.

ಹಣ ಬಂದ ಕೂಡಲೇ ಗಿರಾಕಿಗೆ ಪಾವತಿ ರಸೀದಿ ಕಳಿಸಿ. ಇನ್‌ವಾಯ್ಸನ್ನು ಪಾರ್ಸೆಲ್ ಕಟ್ಟುವಾಗ ಮಾಡಿದರೆ ಸಾಕು, ಆದರೆ ಸರಕು ಅಂಗಡಿ ಬಿಡುವ ಮೊದಲೇ ಅದು ಸಿದ್ಧವಿರಬೇಕು. ಹೀಗೆ ಮಾಡಿದರೆ ಪಾರ್ಸೆಲ್ ಹೊರಡುವ ಮೊದಲೇ ರದ್ದಾದ ಆರ್ಡರ್‌ಗಳಿಗೆ ನಂಬರ್ ಸುಮ್ನೆ ವ್ಯರ್ಥವಾಗುವುದಿಲ್ಲ.

ಈಗ ತೆರಿಗೆ. ತುಪ್ಪಕ್ಕೆ 5 ಪರ್ಸೆಂಟ್. ಪಾರ್ಸೆಲ್ ಕರ್ನಾಟಕದೊಳಗೇ ಹೋದರೆ ಅದು 2.5ರಂತೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡಾಗುತ್ತದೆ. ಚೆನ್ನೈಗೆ ಹೋದರೆ ಪೂರ್ತಿ ಐಜಿಎಸ್‌ಟಿ. ಬೆಂಗಳೂರಿನಲ್ಲಿರುವ ಮಗಳು ಹಣ ಕಟ್ಟಿ ಚೆನ್ನೈನ ಅಮ್ಮನಿಗೆ ತುಪ್ಪ ಕಳಿಸಿದರೆ? ಮಗಳು ಜಿಎಸ್‌ಟಿ ನಂಬರ್ ಕೊಡದ ಸಾಮಾನ್ಯ ಗಿರಾಕಿಯಾದರೆ ಲೆಕ್ಕಕ್ಕೆ ಬರುವುದು ಸರಕು ತಲುಪುವ ವಿಳಾಸ, ಅಂದರೆ ತಮಿಳುನಾಡು. 2024ರ ಜೂನ್‌ನಲ್ಲಿ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೇ ಇದನ್ನು ಸ್ಪಷ್ಟ ಮಾಡಿದೆ. ಬಿಲ್ಲಿಂಗ್ ವಿಳಾಸ ನೋಡಿ ತೆರಿಗೆ ಹಾಕುವಂತೆ ನಿಮ್ಮ ಸಾಫ್ಟ್‌ವೇರ್ ಸೆಟ್ ಆಗಿದ್ದರೆ ಬದಲಿಸಿ.

ಜಾಸ್ತಿ ಜನ ಎಡವುವುದು ಪೈಸೆ ಲೆಕ್ಕದಲ್ಲಿ. 450ನ್ನು 1.05ರಿಂದ ಭಾಗಿಸಿದರೆ 428.57 ಬರುತ್ತದೆ. ಅದರ ಮೇಲೆ 2.5 ಪರ್ಸೆಂಟ್ ಅಂದರೆ 10.71. ಎಲ್ಲ ಕೂಡಿಸಿ ನೋಡಿ, 449.99! ಗಿರಾಕಿ ಕಟ್ಟಿದ್ದು 450, ಬಿಲ್ಲಿನಲ್ಲಿ ಒಂದು ಪೈಸೆ ಕಡಿಮೆ. ಹೀಗಾಗದಿರಲು ಮೊದಲು ಅರ್ಧ ತೆರಿಗೆ ಲೆಕ್ಕ ಹಾಕಿ, ಉಳಿದದ್ದನ್ನು ಸರಕಿನ ಮೌಲ್ಯ ಎಂದು ಇಡಿ.

```
ಅರ್ಧ ತೆರಿಗೆ = 450 × 2.5 / 105 = 10.71
ಸರಕಿನ ಮೌಲ್ಯ = 450 − (2 × 10.71) = 428.58
```

428.58, 10.71, 10.71 ಕೂಡಿಸಿದರೆ ಸರಿಯಾಗಿ 450. ಕೊರಿಯರ್ ಶುಲ್ಕ ಪಡೆಯುತ್ತಿದ್ದರೆ ಅದಕ್ಕೂ ತುಪ್ಪದ ದರವೇ.

ಬಿಲ್ ಒಮ್ಮೆ ತಯಾರಾದ ಮೇಲೆ ಅದು ಬದಲಾಗಬಾರದು. ಕೆಲವು ಅಂಗಡಿಗಳ ಸಾಫ್ಟ್‌ವೇರ್ 'ಡೌನ್‌ಲೋಡ್' ಒತ್ತಿದಾಗಲೆಲ್ಲ ಇವತ್ತಿನ ದರ ನೋಡಿ ಹೊಸದಾಗಿ ಬಿಲ್ ಬರೆಯುತ್ತದೆ. 2025ರ ಸೆಪ್ಟೆಂಬರ್ 21ರವರೆಗೆ ತುಪ್ಪದ ತೆರಿಗೆ 12 ಪರ್ಸೆಂಟ್ ಇತ್ತು. ಆ ಆಗಸ್ಟ್‌ನಲ್ಲಿ ಇದೇ ಬಾಟಲಿ ಕೊಂಡ ಹೋಟೆಲಿನವರ ಬಿಲ್ಲಿನಲ್ಲಿ ತೆರಿಗೆ ಸುಮಾರು 48 ರೂಪಾಯಿ. ಅವರು ಈಗ ಅದನ್ನೇ ಮತ್ತೆ ಇಳಿಸಿಕೊಂಡರೆ 21 ರೂಪಾಯಿ ಕಾಣಿಸುತ್ತದೆ. ಒಂದೇ ನಂಬರಿಗೆ ಎರಡು ಬಿಲ್! ಅವರ ಆಡಿಟರ್ ಯಾವುದನ್ನು ನಂಬಬೇಕು, ಹೇಳಿ? ಹಾಗಾಗಿ ಮೊದಲ ಸಲವೇ ಪಿಡಿಎಫ್ ಮಾಡಿ ಇಟ್ಟುಬಿಡಿ, ಆಮೇಲೆ ಯಾವಾಗ ಕೇಳಿದರೂ ಅದನ್ನೇ ಕೊಡಿ. ನಿಮ್ಮ ಸಾಫ್ಟ್‌ವೇರ್ ಹೇಗಿದೆ ಎಂದು ತಿಳಿಯಬೇಕಾ? ಪರೀಕ್ಷೆಗೆಂದೇ ಮಾಡಿಕೊಂಡ ನಕಲು ಅಂಗಡಿಯಲ್ಲಿ ಬೆಲೆ, ತೆರಿಗೆ ದರ ಎರಡನ್ನೂ ಬದಲಿಸಿ, ಹಳೆಯ ಬಿಲ್ ಇಳಿಸಿ ನೋಡಿ.

ಡೌನ್‌ಲೋಡ್ ಲಿಂಕ್ `/invoice/12.pdf` ಎಂದಿದ್ದರೆ ಯಾರು ಬೇಕಾದರೂ 12ರ ಜಾಗದಲ್ಲಿ 13 ಹಾಕಿ ಇನ್ನೊಬ್ಬರ ಹೆಸರು, ವಿಳಾಸ ಓದಬಹುದು. ಲಾಗಿನ್ ಆದವರಿಗೆ ಅವರದೇ ಬಿಲ್ ಮಾತ್ರ ತೆರೆಯಬೇಕು. ಇಮೇಲ್‌ನಲ್ಲಿ ಹೋಗುವ ಲಿಂಕ್‌ನಲ್ಲಿ ಊಹಿಸಲಾಗದ ಉದ್ದನೆಯ ಅಕ್ಷರಸಾಲು ಇರಲಿ. ಕನ್ನಡದಲ್ಲಿ ಹೆಸರು ಬರೆಯುವ ಗಿರಾಕಿಗಳಿದ್ದರೆ 'ಲಕ್ಷ್ಮೀ', 'ಕೃಷ್ಣಪ್ಪ' ಎಂದು ಒಂದು ಬಿಲ್ ಮಾಡಿ ನೋಡಿ. ಎಷ್ಟೋ ಪಿಡಿಎಫ್ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಒಡೆದುಹೋಗುತ್ತದೆ.

ಇನ್ನು ಬಾಟಲಿ ಒಡೆದು ಸರಕು ವಾಪಸ್ ಬಂದರೆ ಹಳೆಯ ಇನ್‌ವಾಯ್ಸ್ ಅಳಿಸಬೇಡಿ, ತಿದ್ದಲೂಬೇಡಿ. ಅದರ ನಂಬರ್, ತಾರೀಕು ಹಾಕಿ ಪ್ರತ್ಯೇಕ ಕ್ರೆಡಿಟ್ ನೋಟ್ ಮಾಡಿ. ಅದಕ್ಕೆ `CN/25-26/00001` ಎಂಬಂತೆ ಬೇರೆಯೇ ನಂಬರ್ ಸಾಲು ಇಡಿ. ಗಿರಾಕಿಯ ಖಾತೆಯಲ್ಲಿ ಇನ್‌ವಾಯ್ಸ್‌ನ ಕೆಳಗೇ ಅದೂ ಇಳಿಸಿಕೊಳ್ಳಲು ಸಿಗಲಿ.