ಕಫದ ಡಬ್ಬಿಗೆ ಮೊದಲು ಭಂಗಿ ಮತ್ತು ಉಸಿರು: ನನ್ನ ಅನುಭವ

ನಮ್ಮ ತಾಲ್ಲೂಕು ಆಸ್ಪತ್ರೆಯ ಪುರುಷರ ವಾರ್ಡಿನಿಂದ ಹೋಗುತ್ತಿದ್ದ ಕಫದ ಮಾದರಿಗಳಲ್ಲಿ, ನನ್ನ ನೆನಪಿನ ಲೆಕ್ಕಕ್ಕೆ ಹತ್ತರಲ್ಲಿ ನಾಲ್ಕೈದು, ‘ಬರೀ ಜೊಲ್ಲು, ಮತ್ತೆ ಕಳುಹಿಸಿ’ ಎಂಬ ಷರಾ ಹೊತ್ತು ಹಿಂತಿರುಗುತ್ತಿದ್ದವು. ಕಫದ ಸೂಕ್ಷ್ಮಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆ ಹೊರಗಿನ ಲ್ಯಾಬಿನಲ್ಲಿ ಆಗಬೇಕಿದ್ದುದರಿಂದ ರೋಗಿಯ ಮನೆಯವರಿಗೆ ಪ್ರತಿ ಸಲ ಐನೂರು ರೂಪಾಯಿಯ ಆಸುಪಾಸು ಖರ್ಚು. ಎರಡನೆಯ ಮಾದರಿ ಹೋಗುವಷ್ಟರಲ್ಲಿ ಆಂಟಿಬಯೋಟಿಕ್ ಶುರುವಾಗಿರುತ್ತಿತ್ತು. ನ್ಯುಮೋನಿಯಾ ತರುವ ನ್ಯುಮೋಕಾಕಸ್‌ನಂಥ ಸೂಕ್ಷ್ಮಾಣು ಆಮೇಲೆ ಕಲ್ಚರಿನಲ್ಲಿ ಬೆಳೆಯುವುದೇ ಕಷ್ಟ. ಭಂಗಿ ಮತ್ತು ಉಸಿರಾಟವನ್ನು ಮೊದಲು ಕಲಿಸಿ ಆಮೇಲೆ ಡಬ್ಬಿ ಕೊಡೋಣವೆಂದು ನಾನು ಹೇಳಿದಾಗ, ‘ಕಫ ಬರುವವರಿಗೆ ಬರುತ್ತದೆ, ಬಾರದವರಿಗೆ ಏನು ಮಾಡಿದರೂ ಬಾರದು’ ಎಂದು ಹಿರಿಯ ಸಹೋದ್ಯೋಗಿಗಳು ತಳ್ಳಿಹಾಕಿದರು. ಆದರೂ ನಾನು ಹಾಗೆಯೇ ಕಲಿಸತೊಡಗಿದೆ. ಈಗ ತಿರಸ್ಕೃತವಾಗುವುದು ಹತ್ತರಲ್ಲಿ ಒಂದು, ಹೆಚ್ಚೆಂದರೆ ಎರಡು.

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ. ಅರವತ್ತು ದಾಟಿದ ರೈತರೊಬ್ಬರು ಬೆಳಿಗ್ಗೆ ದಾಖಲಾದರು. ಜ್ವರ ಅಷ್ಟೇನೂ ಇರಲಿಲ್ಲ, ಆದರೆ ಹಿಂದಿನ ರಾತ್ರಿಯಿಂದ ಮಾತು ಸ್ವಲ್ಪ ಗೊಂದಲಮಯವಾಗಿದೆ ಎಂದು ಮಗ ಹೇಳಿದ. ವಯಸ್ಸಾದವರಲ್ಲಿ ನ್ಯುಮೋನಿಯಾ ಹೀಗೆಯೇ ಬರುವುದುಂಟು. ಆದ್ದರಿಂದ ನಾನು ಥರ್ಮಾಮೀಟರಿಗಿಂತ ಉಸಿರಿನ ಎಣಿಕೆಯನ್ನು ಹೆಚ್ಚು ನಂಬುತ್ತೇನೆ, ಮತ್ತು ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡದೆ ಪೂರ್ತಿ ನಿಮಿಷ ಎಣಿಸುತ್ತೇನೆ. ಇವರಿಗೆ 28 ಇತ್ತು, ರಕ್ತದ ಆಕ್ಸಿಜನ್ ಪ್ರಮಾಣ ಶೇಕಡಾ 93. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗಿತ್ತು. ಬಲ ಪಕ್ಕೆಯ ನೋವಿಗೆ ಹೆದರಿ ಕೆಮ್ಮನ್ನೇ ನುಂಗುತ್ತಿದ್ದರು. ಮಗನ ಕೈಗೆ ಯಾರೋ ಕೊಟ್ಟಿದ್ದ ಡಬ್ಬಿಯಲ್ಲಿ ಆಗಲೇ ನೊರೆನೊರೆಯಾದ ತಿಳಿ ಜೊಲ್ಲು ಬಂದಿತ್ತು. ಅದನ್ನು ಕಳುಹಿಸದೆ ಪಕ್ಕಕ್ಕಿಟ್ಟೆ.

ಆಂಟಿಬಯೋಟಿಕ್‌ಗೆ ಮೊದಲು ಅರ್ಧ ಗಂಟೆ ಕಾಲಾವಕಾಶ ಕೊಡಿ ಎಂದು ವೈದ್ಯರನ್ನು ಕೇಳಿಕೊಂಡೆ. ಅದಕ್ಕಿಂತ ಹೆಚ್ಚು ಕೇಳುವುದು ಸರಿಯಲ್ಲ. ಕಫ ಬಾರದಿದ್ದರೂ ಮೊದಲ ಡೋಸ್ ಹೋಗಲೇಬೇಕು. ಅವರು ಬರೆದ ಪ್ಯಾರಾಸಿಟಮಾಲ್ ಡ್ರಿಪ್ ಹೋಗುತ್ತಿರುವಾಗಲೇ ರೋಗಿಯನ್ನು ಎಡ ಮಗ್ಗುಲಿಗೆ, ಅಂದರೆ ಚೆನ್ನಾಗಿರುವ ಶ್ವಾಸಕೋಶ ಕೆಳಗಾಗುವಂತೆ ಮಲಗಿಸಿದೆ. ಆಗ ರಕ್ತ ಹೆಚ್ಚಾಗಿ ಒಳ್ಳೆಯ ಭಾಗಕ್ಕೆ ಹರಿದು ಆಕ್ಸಿಜನ್ ಸುಧಾರಿಸುತ್ತದೆ, ಮೇಲಿರುವ ಬಲಭಾಗದ ಕಫ ಸಡಿಲಗೊಳ್ಳಲೂ ಅವಕಾಶವಾಗುತ್ತದೆ. ಕಾಲು ಗಂಟೆಯಲ್ಲಿ 93 ಇದ್ದದ್ದು 95 ಆಯಿತು. ನಂತರ ಮಂಚದ ಅಂಚಿಗೆ ಕೂರಿಸಿ, ಪಾದಗಳು ಸ್ಟೂಲಿನ ಮೇಲೆ ಊರುವಂತೆ ಮಾಡಿ, ಬಲ ಪಕ್ಕೆಗೆ ಒಂದು ದಿಂಬನ್ನು ಒತ್ತಿ ಹಿಡಿಯಲು ಹೇಳಿದೆ. ಹಲ್ಲಿನ ಸೆಟ್ ತೆಗೆಸಿ, ಬರೀ ನೀರಿನಲ್ಲಿ ಎರಡು ಬಾರಿ ಬಾಯಿ ಮುಕ್ಕಳಿಸಲು ಹೇಳಿದೆ. ಮೌತ್‌ವಾಶ್ ಬಳಸಿದರೆ ಅದು ಸೂಕ್ಷ್ಮಾಣುಗಳನ್ನೇ ಕೊಂದು ಕಲ್ಚರನ್ನು ಹಾಳು ಮಾಡುತ್ತದೆ.

‘ಯಜಮಾನ್ರೇ, ಈಗಲೇ ಕೆಮ್ಮಬೇಡಿ’ ಎಂಬುದು ನನ್ನ ಮೊದಲ ಮಾತು. ಮೂಗಿನಿಂದ ನಿಧಾನವಾಗಿ, ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಎರಡು ಮೂರು ಎಣಿಸುವಷ್ಟು ಹಿಡಿದು, ತುಟಿ ಚೂಪು ಮಾಡಿ ಬಿಡಬೇಕು. ಹೀಗೆ ಮೂರು ನಾಲ್ಕು ಸಲ ಆದ ಮೇಲೆ, ಕನ್ನಡಿಗೆ ಹಬೆ ಹಿಡಿಸುವಂತೆ ಬಾಯಿ ತೆರೆದು ‘ಹಾ’ ಎಂದು ಎರಡು ಸಲ ರಭಸವಾಗಿ ಬಿಡಬೇಕು. ಎದೆಯಲ್ಲಿ ಗೊರಗೊರ ಕೇಳಿಸಿದಾಗ ಮಾತ್ರ ಒಮ್ಮೆ ಆಳವಾಗಿ ಕೆಮ್ಮಬೇಕು. ಆ ಕ್ಷಣದಲ್ಲಿ ನಾನು ಬೆನ್ನಿನ ಮೇಲೆ ಕೈ ಎಲ್ಲಿ, ಎಷ್ಟು ಒತ್ತಿ ಇಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು. ಎರಡನೆಯ ಸುತ್ತಿಗೆ ಇಟ್ಟಿಗೆ ಬಣ್ಣದ, ಗಟ್ಟಿಯಾದ, ಡಬ್ಬಿಯ ಗೋಡೆಗೆ ಅಂಟಿ ನಿಧಾನಕ್ಕೆ ಜಾರುವ ಕಫ ಒಂದು ಟೀ ಚಮಚದಷ್ಟು ಬಂತು. ಎರಡು ಗಂಟೆಯೊಳಗೆ ಅದನ್ನು ಲ್ಯಾಬಿಗೆ ತಲುಪಿಸಿದೆವು. ಸೂಕ್ಷ್ಮದರ್ಶಕದ ಕಡಿಮೆ ಹಿಗ್ಗುವಿಕೆಯಲ್ಲಿ ಒಂದು ನೋಟಕ್ಕೆ 25ಕ್ಕಿಂತ ಹೆಚ್ಚು ಕೀವು ಕಣಗಳು ಮತ್ತು 10ಕ್ಕಿಂತ ಕಡಿಮೆ ಬಾಯಿಯ ಕಣಗಳು ಇದ್ದರೆ ಮಾದರಿ ಒಳ್ಳೆಯದು. ಇದು ಆ ಅಳತೆಯನ್ನು ಸಲೀಸಾಗಿ ದಾಟಿತು, ಕಲ್ಚರಿನಲ್ಲಿ ನ್ಯುಮೋಕಾಕಸ್ ಬೆಳೆಯಿತು.

ಅದೇ ಉಸಿರಾಟವನ್ನು ಮುಂದಿನ ದಿನಗಳಲ್ಲಿ ಎಚ್ಚರವಿದ್ದಾಗ ಗಂಟೆಗೆ ಹತ್ತು ಸಲ ಮಾಡಿಸಿದೆ. ತಲೆಯ ಕಡೆ ಮಂಚ ಎತ್ತರಿಸಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆ. ಗುಂಡುಗಳು ಮೇಲೇರುವಂತೆ ಆಳವಾಗಿ ಉಸಿರೆಳೆಯುವ ಮೂರು ಗುಂಡಿನ ಸ್ಪೈರೋಮೀಟರಿಗೆ ಮುನ್ನೂರು ರೂಪಾಯಿ ಕೊಡಲಾಗದವರಿಗಾಗಿ ತೊಳೆದ ಸಲೈನ್ ಬಾಟಲಿಯಲ್ಲಿ ಸುಮಾರು 10 ಸೆಂಟಿಮೀಟರ್ ನೀರು ತುಂಬಿ, ನಳಿಕೆಯಿಂದ ಗುಳ್ಳೆ ಊದಿಸುವ ಪ್ರಯೋಗವನ್ನೂ ಮಾಡಿದ್ದೇನೆ. ಡ್ರಿಪ್ ಸೆಟ್ಟಿನ ನಳಿಕೆ ತೀರಾ ಸಪುರವಾದ್ದರಿಂದ ರೋಗಿಗಳು ಊದಿ ಊದಿ ಸುಸ್ತಾದರು. ಅಗಲ ನಳಿಕೆ ಹಾಕಿದ ಮೇಲೆ ಅನುಕೂಲವಾಯಿತು. ಆದರೂ ಅದು ಉಸಿರು ಬಿಡುವ ಅಭ್ಯಾಸ ಮಾತ್ರ, ಆಳವಾಗಿ ಎಳೆಯುವುದನ್ನು ಬೇರೆಯಾಗಿ ಕಲಿಸಲೇಬೇಕು.

ಮಂಪರಿನಲ್ಲಿರುವವರಿಗೆ, ಆಕ್ಸಿಜನ್ 90ಕ್ಕಿಂತ ಕೆಳಗಿಳಿದವರಿಗೆ, ಕಫದಲ್ಲಿ ರಕ್ತ ಹೆಚ್ಚು ಬರುತ್ತಿರುವವರಿಗೆ ನಾನು ಈ ಉಸಿರಾಟ ಮತ್ತು ಕೆಮ್ಮಿನ ಕ್ರಮವನ್ನು ಮಾಡಿಸುವುದಿಲ್ಲ. ಕ್ಷಯದ ಅನುಮಾನವಿದ್ದರೆ ಮಾಸ್ಕ್ ಹಾಕಿಕೊಂಡು, ವಾರ್ಡಿನ ಹೊರಗೆ ಗಾಳಿಯಾಡುವ ಬಯಲಿನಲ್ಲಿ ಮಾತ್ರ ಮಾಡಿಸುತ್ತೇನೆ.