ಎರಡು ರೂಟ್‌ಗಳ ನಡುವೆ ಮೈನಸ್ ಬಂದರೆ

ರಾಯಚೂರಿನಲ್ಲಿ ಬಿಎಸ್ಸಿ ಹುಡುಗರಿಗೆ ಸಂಜೆ ಮನೆಯಲ್ಲೇ ಗಣಿತ ಹೇಳಿಕೊಡುತ್ತೇನೆ. ಬೇಸಿಗೆಯಲ್ಲಿ ಒಳಗೆ ಕೂರೋಕೆ ಆಗುವುದಿಲ್ಲ, ಬೋರ್ಡು ಮಾಳಿಗೆ ಹತ್ತುತ್ತದೆ. aₙ ಪದಗಳ ಅನಂತ ಸರಣಿ ಕನ್ವರ್ಜ್ ಆಗುತ್ತದೋ ಡೈವರ್ಜ್ ಆಗುತ್ತದೋ ಅಂತ, ಗತಿ ಗೊತ್ತಿರುವ ಇನ್ನೊಂದು ಸರಣಿಯ bₙ ಜೊತೆ aₙ/bₙ ಲಿಮಿಟ್ ತೆಗೆದು ನೋಡೋದೇ ಲಿಮಿಟ್ ಕಂಪ್ಯಾರಿಸನ್ ಟೆಸ್ಟ್. ಅದು ಬಂದಾಗ ಎಲ್ಲರದ್ದೂ ಒಂದೇ ಪ್ರಶ್ನೆ: ಹೋಲಿಸೋಕೆ bₙ ಎಲ್ಲಿಂದ ತರೋದು?

n ತುಂಬಾ ದೊಡ್ಡದಾದಾಗ ಮೇಲೆ ಯಾವ ಪದದ ಜೋರು ನಡೆಯುತ್ತದೆ, ಕೆಳಗೆ ಯಾವುದರದ್ದು ಅಂತ ನೋಡುತ್ತೇನೆ. (2n+3)/√(n⁵+4) ತಗೊಳ್ಳಿ. ಮೇಲೆ n, ಕೆಳಗೆ n^(5/2). ಹಾಗಾಗಿ bₙ = 1/n^(3/2). aₙ/bₙ ಲಿಮಿಟ್ 2 ಬರುತ್ತದೆ. ಪದಗಳೆಲ್ಲ ಧನ, ಲಿಮಿಟ್ ಸೊನ್ನೆಯೂ ಅಲ್ಲ, ಅನಂತವೂ ಅಲ್ಲ. ಅಂದಮೇಲೆ ಎರಡೂ ಸರಣಿಗಳ ಗತಿ ಒಂದೇ. 1/nᵖ ಸರಣಿ p ಒಂದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಕನ್ವರ್ಜ್; ಇಲ್ಲಿ p = 3/2, ಒಂದಕ್ಕಿಂತ ಜಾಸ್ತಿ, ಕನ್ವರ್ಜ್ ಆಗುತ್ತದೆ.

ಎಡವೋದು ಇಲ್ಲಲ್ಲ, ಮುಂದಿನದರಲ್ಲಿ:

aₙ = (√(n+1) − √(n−1))/n

ಒಬ್ಬ ಹುಡುಗಿ ತಕ್ಷಣ ಅಂದಳು: "ಸರ್, ಮ್ಯಾಲೆ ರೂಟ್ n, ಕೆಳಗ n. ಒನ್ ಬೈ ರೂಟ್ n ಆತಲ್ರೀ? ಡೈವರ್ಜ್ ರೀ."

ನಾನೂ ಓದುವಾಗ ಹೀಗೇ ಬರೆದಿದ್ದೆ. ತಪ್ಪು ಅಂತ ಹೇಳಲಿಲ್ಲ, ಲಿಮಿಟ್ ತೆಗೆಯಮ್ಮ ಅಂದೆ. ಸೊನ್ನೆ ಬಂತು. ಡೈವರ್ಜ್ ಆಗುವ bₙ ಇಟ್ಟು ಲಿಮಿಟ್ ಸೊನ್ನೆ ಬಂದರೆ aₙ ಬಗ್ಗೆ ಏನೂ ಹೇಳೋಕೆ ಬರುವುದಿಲ್ಲ. ಆರಿಸಿದ bₙ ಸರಿಯಿಲ್ಲ ಅನ್ನೋದಕ್ಕೆ ಅದೇ ಗುರುತು.

ಆಮೇಲೆ n = 100 ಹಾಕಿಸಿದೆ. √101 ಸುಮಾರು 10.04988, √99 ಸುಮಾರು 9.94987. ಕಳೆದರೆ 0.1 ಅಷ್ಟೇ. ಎರಡು ರೂಟ್‌ಗಳ ದೊಡ್ಡ ಭಾಗ ಒಂದಕ್ಕೊಂದು ವಜಾ ಆಗಿ ಚೂರು ಮಾತ್ರ ಉಳಿದಿದೆ. 100ರಿಂದ ಭಾಗಿಸಿದರೆ 0.001. ಅವಳು ಆರಿಸಿದ 1/√100 ಆದರೋ 0.1, ನೂರು ಪಟ್ಟು ದೊಡ್ಡದು!

ಆದ್ದರಿಂದ ಮೈನಸ್ ಕಂಡರೆ ನಾನು ಘಾತ ಎಣಿಸೋಕೆ ಹೋಗುವುದಿಲ್ಲ. ಮೊದಲು √(n+1) + √(n−1) ಇಂದ ಮೇಲೂ ಕೆಳಗೂ ಗುಣಿಸುತ್ತೇನೆ. ಮೇಲೆ (n+1) − (n−1) = 2 ಉಳಿಯುತ್ತದೆ:

aₙ = 2 / ( n(√(n+1) + √(n−1)) )

ಈಗ ಮೈನಸ್ ಇಲ್ಲ, ಎಣಿಸಬಹುದು. ಕೆಳಗೆ n ಗುಣಿಸು √n, ಅಂದರೆ n^(3/2). bₙ = 1/n^(3/2) ಇಟ್ಟರೆ ಲಿಮಿಟ್ 1. ಕನ್ವರ್ಜ್. ಉತ್ತರವೇ ತಿರುಗಿಬಿತ್ತು, ಅಲ್ವಾ?

ಹಾಗಂತ ಮೈನಸ್ ಬಂದದ್ದೆಲ್ಲ ಕನ್ವರ್ಜ್ ಅಲ್ಲ. √(n²+1) − n ಕೊಟ್ಟೆ. ಅವಳೇ ಗುಣಿಸಿ 1/(√(n²+1) + n) ಮಾಡಿದಳು, 1/n ಜೊತೆ ಹೋಲಿಸಿದಳು. ಲಿಮಿಟ್ 1/2, ಡೈವರ್ಜ್. ಕ್ಯೂಬ್ ರೂಟ್ ಇದ್ದರೆ ಸುಮ್ನೆ ಪ್ಲಸ್ ಹಾಕಿ ಗುಣಿಸಿದರೆ ಸಾಲದು, a − b ಅನ್ನು a² + ab + b² ಇಂದ ಗುಣಿಸಬೇಕು. ∛(n³+1) − n ಅನ್ನು ಹಾಗೆ ಬಿಡಿಸಿದರೆ 1/n² ಜೊತೆ ಲಿಮಿಟ್ 1/3 ಬರುತ್ತದೆ. ಅದನ್ನು ಮನೆಗೆ ಕೊಟ್ಟು ಕಳಿಸಿದೆ.