ಕಂತು ಅಷ್ಟೇ ಇತ್ತು, ಸಾಲ ಮಾತ್ರ ಕರಗುತ್ತಿರಲಿಲ್ಲ

2023ರ ಏಪ್ರಿಲ್‌ನಲ್ಲಿ ಆದಾಯ ತೆರಿಗೆಯ ಕಾಗದಪತ್ರ ಜೋಡಿಸಲೆಂದು ಗೃಹಸಾಲದ ಸ್ಟೇಟ್‌ಮೆಂಟ್ ತೆಗೆದೆ. ಆ ತಿಂಗಳ ಸಾಲಿನಲ್ಲಿ ಕಂತು 23,079 ರೂಪಾಯಿ, ಅದರಲ್ಲಿ ಬಡ್ಡಿ 22,983, ಅಸಲು 96 ಎಂದಿತ್ತು. ಎಲ್ಲೋ ಒಂದು ಸೊನ್ನೆ ಬಿಟ್ಟುಹೋಗಿದೆ ಎಂದುಕೊಂಡು ಹಿಂದಿನ ತಿಂಗಳು ನೋಡಿದೆ. ಅಲ್ಲಿ ಅಸಲಿಗೆ ಹೋಗಿದ್ದು 702. ಸಾಲ ತೆಗೆದ ಮೊದಲ ತಿಂಗಳು ಇದೇ ಕಂತಿನಲ್ಲಿ 5,829 ರೂಪಾಯಿ ಅಸಲಿಗೆ ಹೋಗಿತ್ತು.

ತುಮಕೂರಿನಲ್ಲಿ ಮನೆ ಕಟ್ಟಲು 2021ರ ಅಕ್ಟೋಬರ್‌ನಲ್ಲಿ 30 ಲಕ್ಷ ಸಾಲ ಪಡೆದಿದ್ದೆ. ಅವಧಿ 20 ವರ್ಷ, ಅಂದರೆ 240 ಕಂತು. ನನಗಾಗ ನಲವತ್ತು ವರ್ಷ. ಪಿಯು ಕಾಲೇಜಿನ ಉಪನ್ಯಾಸಕ ಕೆಲಸದಿಂದ ಅರವತ್ತಕ್ಕೆ ನಿವೃತ್ತಿಯಾಗುವ ಹೊತ್ತಿಗೆ ಸಾಲವೂ ಮುಗಿಯಬೇಕು ಎಂಬ ಲೆಕ್ಕ. ಬಡ್ಡಿಯನ್ನು ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿದ್ದರು. ಆಗ ರೆಪೊ ಶೇ. 4, ಅದರ ಮೇಲೆ ಬ್ಯಾಂಕಿನ ಸ್ಪ್ರೆಡ್ ಶೇ. 2.90, ಒಟ್ಟು 6.90. ಮೂರು ತಿಂಗಳಿಗೊಮ್ಮೆ ದರ ರೀಸೆಟ್ ಆಗುತ್ತದೆ ಎಂದು ಕರಾರಿನಲ್ಲಿ ಬರೆದಿತ್ತು. ಓದಿದ್ದೆ, ಸಹಿಯನ್ನೂ ಹಾಕಿದ್ದೆ. ಆದರೆ ದರ ಏರಿದರೆ ಏರುವುದು ಕಂತೋ ಅವಧಿಯೋ ಎಂದು ಕೇಳಿರಲಿಲ್ಲ.

2022ರ ಮೇ 4ರಿಂದ 2023ರ ಫೆಬ್ರವರಿ 8ರವರೆಗೆ ರಿಸರ್ವ್ ಬ್ಯಾಂಕ್ ಆರು ಬಾರಿ ರೆಪೊ ಏರಿಸಿ 4ರಿಂದ 6.50ಕ್ಕೆ ತಂದಿತು. ನನ್ನ ಸಾಲದ ದರ ಜುಲೈನಲ್ಲಿ 7.80, ಅಕ್ಟೋಬರ್‌ನಲ್ಲಿ 8.80, ಜನವರಿಯಲ್ಲಿ 9.15, ಏಪ್ರಿಲ್‌ನಲ್ಲಿ 9.40 ಆಯಿತು. ಪ್ರತಿ ಸಲವೂ 'ನಿಮ್ಮ ಬಡ್ಡಿ ದರ ಪರಿಷ್ಕರಣೆಯಾಗಿದೆ' ಎಂಬ ಎಸ್ಸೆಮ್ಮೆಸ್ ಬಂದಿತ್ತು. ಖಾತೆಯಿಂದ ಹೋಗುವ ದುಡ್ಡು ಬದಲಾಗಲಿಲ್ಲ, ಹಾಗಾಗಿ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ದರ ಏರಿದಾಗ ಬ್ಯಾಂಕಿನ ಕಂಪ್ಯೂಟರ್ ತಾನಾಗಿಯೇ ಕಂತನ್ನು ಹಾಗೇ ಉಳಿಸಿ ಅವಧಿಯನ್ನು ಎಳೆಯುತ್ತಿತ್ತು. ಕಂತಿನಲ್ಲಿ ಮೊದಲು ಆ ತಿಂಗಳ ಬಡ್ಡಿ ಕಳೆದು, ಮಿಕ್ಕಿದ್ದು ಅಸಲಿಗೆ ಹೋಗುತ್ತದೆ. ಬಡ್ಡಿ ಹೆಚ್ಚಾದಷ್ಟೂ ಮಿಕ್ಕುವುದು ಕಡಿಮೆ. ಹದಿನೆಂಟು ತಿಂಗಳು ಕಟ್ಟಿ, ನಾಲ್ಕು ಲಕ್ಷಕ್ಕೂ ಹೆಚ್ಚು ಕೊಟ್ಟ ಮೇಲೆ ನನ್ನ ಬಾಕಿ 29,33,913 ಇತ್ತು. ಕರಗಿದ್ದು ಬರೀ 66 ಸಾವಿರ.

ಇನ್ನೆಷ್ಟು ಕಂತು ಬೇಕು ಎಂದು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಬೇಕಾದದ್ದು ಎರಡೇ ಸಾಲು. ಮೊದಲನೆಯದು ಈಗಿನ ಕಂತಿಗೆ ಎಷ್ಟು ತಿಂಗಳು ಬೇಕೆಂದು ಹೇಳುತ್ತದೆ, ಎರಡನೆಯದು ಮೂಲ ಅವಧಿಯಲ್ಲೇ ಮುಗಿಸಲು ಎಷ್ಟು ಕಂತು ಬೇಕೆಂದು.

```
=NPER(9.40%/12, -23079, 2933913)
=PMT(9.40%/12, 222, -2933913)
```

ಮೊದಲನೆಯದಕ್ಕೆ ಬಂದ ಉತ್ತರ 702 ತಿಂಗಳು. ಐವತ್ತೆಂಟೂವರೆ ವರ್ಷ, ನನಗಾಗ ನೂರು ತುಂಬಿರುತ್ತದೆ. ಎರಡನೆಯದಕ್ಕೆ 27,921 ರೂಪಾಯಿ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ದರವನ್ನು 6.50ರಲ್ಲೇ ನಿಲ್ಲಿಸಿತ್ತು. ಇನ್ನು ಕಾಲು ಶೇಕಡಾ ಏರಿಸಿದ್ದರೆ ತಿಂಗಳ ಬಡ್ಡಿಯೇ 23,593 ಆಗಿ ಕಂತನ್ನು ಮೀರುತ್ತಿತ್ತು. ಕಡಿಮೆ ಬಿದ್ದ ಐನೂರು ಚಿಲ್ಲರೆ ಅಸಲಿಗೆ ಸೇರಿಕೊಂಡು, ಕಂತು ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತಿತ್ತು.

ಮರುದಿನ ಶಾಖೆಗೆ ಹೋದೆ. ಸಾಲದ ವಿಭಾಗದಲ್ಲಿದ್ದ ಮೇಡಂ ಸ್ಕ್ರೀನ್ ನೋಡಿ, "ಕಂತು ಏನೂ ಜಾಸ್ತಿ ಆಗಿಲ್ಲವಲ್ಲ ಸರ್, ಮತ್ತೇನು ತೊಂದರೆ?" ಎಂದರು. ಸ್ಟೇಟ್‌ಮೆಂಟಿನಲ್ಲಿ 96 ಎಂದಿದ್ದ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಸರ್, ಇದನ್ನು ಯಾರೂ ನೋಡುವುದಿಲ್ಲ. ನೀವು ಬರೆದುಕೊಟ್ಟರೆ ಕಂತು ಏರಿಸಿಕೊಡುತ್ತೇನೆ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೇಳದೆಯೇ ಅವಧಿ ಎಳೆದವರು ಅದನ್ನು ಹೇಳುವ ಕೆಲಸವನ್ನಾದರೂ ಮಾಡಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ನನ್ನ ಮುಂದಿದ್ದ ದಾರಿಗಳನ್ನು ಮನೆಗೆ ಬಂದು ಹೆಂಡತಿಯ ಜೊತೆ ಕೂತು ನೋಡಿದೆ. ಪೂರಾ ಕಂತು ಏರಿಸಿ 27,921 ಕಟ್ಟಬಹುದು, ಆದರೆ ತಿಂಗಳಿಗೆ 4,842 ಹೆಚ್ಚು. ಮಗಳು ಆ ವರ್ಷ ಪಿಯುಗೆ ಸೇರುವವಳಿದ್ದಳು, ಅಷ್ಟು ಎಳೆದರೆ ಮನೆ ಖರ್ಚು ಬಿಗಿಯಾಗುತ್ತಿತ್ತು. ಮಧ್ಯದ ದಾರಿ ಎಂದರೆ 25,500 ಕಟ್ಟಿ ಅವಧಿಯನ್ನು ಸ್ವಲ್ಪ ಎಳೆಯುವುದು. ಆದರೆ ಆ ಸ್ವಲ್ಪ ಎಂದರೆ 297 ತಿಂಗಳಿನ ಹತ್ತಿರ, ಅಂದರೆ ನಿವೃತ್ತಿಯಾಗಿ ಆರು ವರ್ಷ ಪಿಂಚಣಿಯಿಂದ ಕಂತು ಕಟ್ಟಬೇಕು. ಅದು ನನಗೆ ಒಪ್ಪಿಗೆಯಾಗಲಿಲ್ಲ.

ಮೂರನೆಯದು ಇಡುಗಂಟು ಕಟ್ಟುವುದು. ನನ್ನ ಕಣ್ಣು ತೆರೆಸಿದ್ದೇ ಈ ಲೆಕ್ಕ. ಕಂತನ್ನು 23,079ರಲ್ಲೇ ಬಿಟ್ಟು ಒಂದೇ ಒಂದು ಲಕ್ಷ ಅಸಲಿಗೆ ಕಟ್ಟಿದರೆ 702 ತಿಂಗಳು 419ಕ್ಕೆ ಇಳಿಯುತ್ತದೆ. ಕಾರಣ ಸರಳ: ಒಂದು ಲಕ್ಷಕ್ಕೆ ತಿಂಗಳ ಬಡ್ಡಿ 783 ರೂಪಾಯಿ, ಅದು ಪೂರ್ತಿ ಉಳಿದು ಅಸಲಿನ ಕಡೆಗೆ ಹೋಗುತ್ತದೆ. ತಿಂಗಳಿಗೆ 96 ಕರಗುತ್ತಿದ್ದ ಸಾಲ 880ರಂತೆ ಕರಗಲು ಶುರುವಾಗುತ್ತದೆ. ಬಡ್ಡಿಯೇ ಕಂತನ್ನೆಲ್ಲ ನುಂಗುವ ಹಂತಕ್ಕೆ ಬಂದ ಸಾಲದಲ್ಲಿ ಸಣ್ಣ ಮೊತ್ತಕ್ಕೂ ಇಂಥ ಬಲ ಇರುತ್ತದೆ. ಅಲ್ಲಿಂದ ದೂರ ಬಂದ ಮೇಲೆ ಅದೇ ಒಂದು ಲಕ್ಷಕ್ಕೆ ಅಷ್ಟು ಬಲ ಇರುವುದಿಲ್ಲ.

ನನ್ನ ಒಂದು ಆರ್‌ಡಿ ಆಗಷ್ಟೇ ಮುಗಿದಿತ್ತು, ಅದಕ್ಕೆ ಚೀಟಿಯ ದುಡ್ಡು ಸೇರಿಸಿ ಎರಡು ಲಕ್ಷ ಹೊಂದಿಸಿದೆ. ವ್ಯಕ್ತಿಗಳ ಫ್ಲೋಟಿಂಗ್, ಅಂದರೆ ನನ್ನದರಂತೆ ಏರಿಳಿಯುವ ದರದ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ಬ್ಯಾಂಕು ದಂಡ ಹಾಕುವಂತಿಲ್ಲ, ಈ ನಿಯಮ 2012ರಿಂದ ಇದೆ. ಬಾಕಿ 27,33,913ಕ್ಕೆ ಇಳಿಯಿತು. ಅದನ್ನು ಉಳಿದ 222 ತಿಂಗಳಲ್ಲಿ ಮುಗಿಸಲು ಬೇಕಾದ ಕಂತು 26,018. ತಿಂಗಳಿಗೆ 2,939 ಹೆಚ್ಚು, ಅದು ನಮ್ಮ ಕೈಗೆ ಎಟುಕುವಂತಿತ್ತು. ಅರ್ಜಿಯಲ್ಲಿ ಮೂರು ಮಾತು ಬಿಡಿಸಿ ಬರೆದೆ: ಎರಡು ಲಕ್ಷವನ್ನು ಮುಂದಿನ ಕಂತುಗಳ ಮುಂಗಡ ಎಂದು ಹಿಡಿಯದೆ ಇವತ್ತೇ ಅಸಲಿಗೆ ಜಮಾ ಮಾಡಬೇಕು, ಉಳಿದ ಕಂತು 222 ಆಗಿರಬೇಕು, ಮೇ ತಿಂಗಳಿಂದ ಕಂತು 26,018 ಆಗಬೇಕು. ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡೆ.

ಆದರೂ ಒಂದು ಕಡೆ ಎಡವಿದೆ. ನನ್ನ ಸಂಬಳದ ಖಾತೆ ಬೇರೆ ಬ್ಯಾಂಕಿನಲ್ಲಿದೆ, ಕಂತು ಅಲ್ಲಿಂದ ತಾನಾಗಿಯೇ ಕಡಿತವಾಗುತ್ತದೆ. ಅದಕ್ಕೆ ಕೊಟ್ಟಿದ್ದ ಮ್ಯಾಂಡೇಟ್‌ನಲ್ಲಿ ಗರಿಷ್ಠ ಮೊತ್ತ 25,000 ಎಂದಿತ್ತು. ಮೇ 5ರಂದು 26,018ಕ್ಕೆ ಕೇಳಿಕೆ ಹೋಗಿ ವಾಪಸ್ ಬಂತು. ಖಾತೆಯಲ್ಲಿ ದುಡ್ಡಿದ್ದರೂ ಕಂತು ಬೌನ್ಸ್ ಆದ ಲೆಕ್ಕ, ಅದಕ್ಕೊಂದು ಶುಲ್ಕ ಬೇರೆ. ಅದೇ ದಿನ ನೇರವಾಗಿ ಕಟ್ಟಿ, ಮಿತಿಯನ್ನು 35,000ಕ್ಕೆ ಏರಿಸಿ ಹೊಸ ಮ್ಯಾಂಡೇಟ್ ಕೊಟ್ಟೆ. ಕಂತು ಏರಿಸುವವರು ಮೊದಲು ಈ ಮಿತಿ ನೋಡಿಕೊಳ್ಳಿ.

ಫಿಕ್ಸೆಡ್ ದರಕ್ಕೆ ಹೋಗಬಹುದೇ ಎಂದೂ ವಿಚಾರಿಸಿದ್ದೆ. ಅವರು ಹೇಳಿದ ದರ ನನ್ನ 9.40ಕ್ಕಿಂತಲೂ ಮೇಲಿತ್ತು. ದರ ಏರಿ ನಿಂತಾಗ ಹೆಚ್ಚಿನ ದರಕ್ಕೆ ಕಟ್ಟಿಹಾಕಿಕೊಂಡರೆ ಮುಂದೆ ಇಳಿದಾಗ ಏನೂ ಸಿಗುವುದಿಲ್ಲ, ಅದಕ್ಕೇ ಬೇಡವೆಂದೆ.

ನಾನು ಇದನ್ನೆಲ್ಲ ಮಾಡಿ ನಾಲ್ಕು ತಿಂಗಳಿಗೆ, 2023ರ ಆಗಸ್ಟ್ 18ರಂದು, ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ರೀಸೆಟ್ ಆದಾಗ ಕಂತು ಏರಿಸುವುದೋ, ಅವಧಿ ಎಳೆಯುವುದೋ, ಎರಡನ್ನೂ ಬೆರೆಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು, ಯಾವಾಗ ಬೇಕಾದರೂ ಭಾಗಶಃ ಅಥವಾ ಪೂರ್ತಿ ಕಟ್ಟಲು ಬಿಡಬೇಕು, ಅವಧಿ ಎಳೆದರೂ ಸಾಲ ಬೆಳೆಯುವಂತೆ ಆಗಬಾರದು ಎಂದು ಅದರಲ್ಲಿದೆ. ಮೂರು ತಿಂಗಳಿಗೊಮ್ಮೆ ಕಟ್ಟಿದ ಅಸಲು, ಬಡ್ಡಿ, ಉಳಿದ ಕಂತು, ವಾರ್ಷಿಕ ದರ ತೋರಿಸುವ ಸ್ಟೇಟ್‌ಮೆಂಟ್ ಕೊಡಬೇಕು ಎಂದೂ ಇದೆ. ಹಳೆಯ ಸಾಲಗಳಿಗೂ ಇದು ಅನ್ವಯ. ಫಿಕ್ಸೆಡ್‌ಗೆ ಬದಲಾಗುವ ಅವಕಾಶವನ್ನೂ ಕೊಡಬೇಕೆಂದಿತ್ತು, ಆದರೆ 2025ರ ಅಕ್ಟೋಬರ್ 1ರಿಂದ ಅದನ್ನು ಬ್ಯಾಂಕಿನ ಇಷ್ಟಕ್ಕೆ ಬಿಡಲಾಗಿದೆ. ಈಗ ನನಗೆ ಬರುವ ತ್ರೈಮಾಸಿಕ ಹಾಳೆಯಲ್ಲಿ ನಾನು ಮೊದಲು ನೋಡುವುದು ಉಳಿದ ಕಂತಿನ ಸಂಖ್ಯೆ. ಹಿಂದಿನ ಹಾಳೆಗಿಂತ ಅದು ಮೂರು ಕಡಿಮೆಯಾಗಿರದಿದ್ದರೆ ಏನೋ ಬದಲಾಗಿದೆ ಎಂದರ್ಥ.

2025ರಲ್ಲಿ ದರ ಇಳಿಯತೊಡಗಿತು. ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ನಾಲ್ಕು ಬಾರಿ ಇಳಿದು ರೆಪೊ 5.25ಕ್ಕೆ ಬಂತು, 2026ರ ಜನವರಿಯ ರೀಸೆಟ್‌ನಲ್ಲಿ ನನ್ನ ದರ 8.15 ಆಯಿತು. ಆಗ ಬಾಕಿ 25,52,388, ಮೂಲ ಲೆಕ್ಕದಲ್ಲಿ ಉಳಿದ ಕಂತು 190. ಇಲ್ಲಿಯೂ ಆಯ್ಕೆ ಇದೆ. 190 ತಿಂಗಳನ್ನೇ ಇಟ್ಟುಕೊಂಡರೆ ಕಂತು 23,955ಕ್ಕೆ ಇಳಿಯುತ್ತದೆ. ಕಂತನ್ನು 26,018ರಲ್ಲೇ ಬಿಟ್ಟರೆ 162 ತಿಂಗಳಿಗೆ ಸಾಲ ಮುಗಿಯುತ್ತದೆ, ಒಟ್ಟು ಬಡ್ಡಿಯಲ್ಲಿ ಸುಮಾರು ಮೂರು ಲಕ್ಷ ಮೂವತ್ತು ಸಾವಿರ ಉಳಿಯುತ್ತದೆ. ನಮಗೆ ಈ ಕಂತು ಅಭ್ಯಾಸವಾಗಿಬಿಟ್ಟಿದೆ, ಹಾಗೇ ಬಿಟ್ಟೆ. ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಆಸ್ಪತ್ರೆಯ ಖರ್ಚು ನಡೆಯುತ್ತಿತ್ತು, ಅವರಿಗೆ ಕಂತು ಇಳಿಸಿಕೊಳ್ಳಿ ಎಂದೆ. ಅವರಿಗೆ ಆ ಎರಡು ಸಾವಿರ ಈಗಲೇ ಬೇಕು.

ಒಂದು ಕೆಲಸ ಬಾಕಿ ಇದೆ. ನನ್ನ ಸ್ಪ್ರೆಡ್ ಇನ್ನೂ 2.90ರಲ್ಲೇ ಇದೆ, ಹೊಸ ಗ್ರಾಹಕರಿಗೆ ಅದೇ ಬ್ಯಾಂಕು ಕಡಿಮೆಗೆ ಕೊಡುತ್ತಿದೆ. ಕಾಲು ಶೇಕಡಾ ಇಳಿಸಿ ಎಂದು ಅರ್ಜಿ ಕೊಟ್ಟಿದ್ದೇನೆ. ಇಳಿಸಿದರೆ 162 ಹೋಗಿ 158 ಕಂತು ಆಗುತ್ತದೆ. ಬದಲಾವಣೆಗೆ ಅವರು ಕೇಳುವ ಶುಲ್ಕ ಆ ನಾಲ್ಕು ಕಂತಿಗಿಂತ ಎಷ್ಟು ಕಡಿಮೆ ಎಂದು ನೋಡಿಕೊಂಡು ಸಹಿ ಹಾಕುತ್ತೇನೆ.